ಅಪ್ಪನಿಗೆ ಕಿಡ್ನಿ ಸ್ಟೋನ್ ಆಪರೇಷನ್ ಆಗಿದೆ, ಈಗ ಆರಾಮಾಗಿದ್ದಾರೆ. ಮೆಸೇಜಿನಲ್ಲಿ ಕೊಟ್ಟ ತಾರೀಖಿಗೆ ಹೋಗಲೇಬೇಕಾ?

ಎಡದಂಡೆ_ಹುಡುಗ
ಎಲ್ಲರಿಗೂ ನಮಸ್ಕಾರ. ನಮ್ಮೂರು ಸಿಂಧನೂರು ಹತ್ತಿರ. ಅಪ್ಪನಿಗೆ 61 ವರ್ಷ. ಎಡಗಡೆ ಮೂತ್ರನಾಳದಲ್ಲಿ ಕಲ್ಲು ಸಿಕ್ಕಿಕೊಂಡಿತ್ತು. ಕೊಯ್ಯಲಿಲ್ಲ, ಕೆಳಗಿನಿಂದಲೇ ದುರ್ಬೀನು ಹಾಕಿ ಲೇಸರ್‌ನಲ್ಲಿ ಪುಡಿ ಮಾಡಿದರು. ಮನೆಗೆ ಬಂದ ಮೇಲೆ ಆಸ್ಪತ್ರೆಯಿಂದ ಒಂದು ಮೆಸೇಜು ಬಂತು. ಇಂಗ್ಲಿಷ್‌ನಲ್ಲಿತ್ತು. ವಿಷಯ ಇಷ್ಟು:

ಆಪರೇಷನ್ ಆಗಿ ಮೂರು ವಾರಕ್ಕೆ, ಗುರುವಾರ, ಯೂರಾಲಜಿ ಓಪಿಡಿಗೆ ಬನ್ನಿ. ಕೆಯುಬಿ ಎಕ್ಸ್‌ರೇ, ಯೂರಿನ್ ಕಲ್ಚರ್, ಕ್ರಿಯಾಟಿನಿನ್ ರಿಪೋರ್ಟ್ ತನ್ನಿ. ಚಳಿ ಜ್ವರ, ತಡೆಯಲಾರದ ನೋವು, ಮೂತ್ರ ಕಟ್ಟುವುದು, ಮೂತ್ರದಲ್ಲಿ ರಕ್ತ, ಇವುಗಳಲ್ಲಿ ಏನಾದರೂ ಇದ್ದರೆ ಮೊದಲೇ ಬನ್ನಿ.

ಆ ಗುರುವಾರಕ್ಕೆ ಇನ್ನೂ ಒಂದು ವಾರವಿದೆ. ಅಪ್ಪ ಓಡಾಡಿಕೊಂಡಿದ್ದಾರೆ. ಭತ್ತದ ಕಟಾವಿಗೆ ಮಿಷಿನ್ ಬರುವ ಹೊತ್ತು ಇದು. "ಕಲ್ಲು ಹೋಯ್ತು, ಇನ್ನೇನು ನೋಡೋದೈತಿ ಅಲ್ಲಿ" ಅನ್ನುತ್ತಾರೆ. ಆಸ್ಪತ್ರೆಗೆ ಹೋಗಿ ಬರಲು ಪೂರ್ತಿ ಒಂದು ದಿನ ಬೇಕು. ಆದರೆ ಗದ್ದೆಗೆ ಹೋಗಿ ಬಂದ ದಿನ ಮೂತ್ರ ಸ್ವಲ್ಪ ಕೆಂಪಗೆ ಬರುತ್ತದೆ. ಮೂತ್ರ ಮಾಡುವಾಗ ಎಡ ಸೊಂಟದ ಕಡೆ ಹಿಡಿಯುತ್ತದೆ ಅನ್ನುತ್ತಾರೆ. ಇದು ಮೆಸೇಜಿನಲ್ಲಿ ಹೇಳಿರುವ "ರಕ್ತ" ಆಗುತ್ತದಾ? ಈಗಲೇ ಓಡಬೇಕಾ, ಗುರುವಾರದವರೆಗೆ ಕಾಯಬೇಕಾ, ಅಥವಾ ಹೋಗುವುದೇ ಬೇಡವಾ?

ಮಲ್ನಾಡ್_ಮಾವ
ಆರಾಮಿದ್ದರೆ ಹೋಗಬೇಡಿ. ರಿವ್ಯೂ ಅಂದರೆ ಕನ್ಸಲ್ಟೇಷನ್ ಫೀಸಿಗೆ ಇನ್ನೊಂದು ದಾರಿ ಅಷ್ಟೇ. ನನಗೂ ಸ್ಟೋನ್ ಆಗಿತ್ತು. ಬಾಳೆದಿಂಡಿನ ರಸ ಕುಡಿದೆ, ಬಿದ್ದು ಹೋಯಿತು.

ಓಟಿ_ಸಿಸ್ಟರ್_ಧಾರವಾಡ
ಮಾವ, ನಿಮಗೆ ಆಪರೇಷನ್ನೇ ಆಗಿಲ್ಲ, ಇವರಿಗೆ ಆಗಿದೆ. ಎರಡೂ ಒಂದೇ ಅಲ್ಲ.

ಎಡದಂಡೆ ತಮ್ಮಾ, ಒಂದು ಕೆಲಸ ಮಾಡು. ಡಿಸ್ಚಾರ್ಜ್ ಸಮ್ಮರಿ ತೆಗೆದು ಆಪರೇಷನ್ ಹೆಸರು ಬರೆದಿರುವ ಸಾಲು ನೋಡು. ಅಲ್ಲಿ "ಡಿಜೆ ಸ್ಟೆಂಟಿಂಗ್" ಅಂತ ಇದೆಯಾ? ಅದನ್ನು ನೋಡಿ ಹೇಳು, ಆಮೇಲೆ ಉಳಿದದ್ದು ಮಾತಾಡೋಣ.

ಎಡದಂಡೆ_ಹುಡುಗ
ಇದೆ ಅಕ್ಕ. ಎರಡನೇ ಪುಟದಲ್ಲಿ "ಲೆಫ್ಟ್ ಯುಆರ್‌ಎಸ್‌ಎಲ್ ವಿತ್ ಡಿಜೆ ಸ್ಟೆಂಟಿಂಗ್" ಅಂತ ಬರೆದಿದ್ದಾರೆ. ನಮಗೆ ಯಾರೂ ಬಿಡಿಸಿ ಹೇಳಲಿಲ್ಲ. ಮೆಸೇಜಿನಲ್ಲೂ ಸ್ಟೆಂಟ್ ಮಾತೇ ಇಲ್ಲ.

ರಮೇಶ್_ಕೆಆರ್‌ಪುರ
ಸ್ಟೆಂಟ್ ಹಾಕಿದ್ದರೆ ಒಳ್ಳೆಯದೇ ಬ್ರೋ. ಅದನ್ನು ತೆಗೆಯುವುದಿಲ್ಲ, ಜೀವನಪೂರ್ತಿ ಇರುತ್ತದೆ. ನಮ್ಮ ತಂದೆಗೆ ಹಾಕಿ ಆರು ವರ್ಷ ಆಯಿತು, ಏನೂ ತೊಂದರೆ ಇಲ್ಲ. ಬ್ಲಡ್ ಥಿನ್ನರ್ ಮಾತ್ರೆ ಮಾತ್ರ ತಪ್ಪಿಸಬೇಡಿ.

ಓಟಿ_ಸಿಸ್ಟರ್_ಧಾರವಾಡ
ರಮೇಶ್ ಅವರೇ, ನಿಮ್ಮ ತಂದೆಗೆ ಹಾಕಿರುವುದು ಹಾರ್ಟಿನ ಸ್ಟೆಂಟ್. ಅದು ಲೋಹದ ಜಾಲರಿ, ರಕ್ತನಾಳದಲ್ಲೇ ಉಳಿಯುತ್ತದೆ. ಇದು ಬೇರೆ. ಗೇಣುದ್ದಕ್ಕಿಂತ ಸ್ವಲ್ಪ ಜಾಸ್ತಿ ಇರುವ ಸಣ್ಣ ಮೆತ್ತನೆಯ ಪೈಪು. ಒಂದು ತುದಿ ಕಿಡ್ನಿಯಲ್ಲಿ ಸುರುಳಿ ಸುತ್ತಿಕೊಂಡಿರುತ್ತದೆ, ಇನ್ನೊಂದು ತುದಿ ಮೂತ್ರಕೋಶದಲ್ಲಿ. ಕಲ್ಲು ಒಡೆದ ಮೇಲೆ ಮೂತ್ರನಾಳ ಒಳಗೆ ಊದಿಕೊಳ್ಳುತ್ತದೆ. ಪುಡಿ ಬೇರೆ ಇಳಿಯುತ್ತಿರುತ್ತದೆ. ಆಗ ದಾರಿ ಕಟ್ಟಬಾರದು ಅಂತ ಇದನ್ನು ಹಾಕುತ್ತಾರೆ. ಊತ ಇಳಿದ ಮೇಲೆ ತೆಗೆಯಲೇಬೇಕು.

ಅಂದರೆ ಆ ಗುರುವಾರ ಸುಮ್ನೆ ಮುಖ ತೋರಿಸಿ ಬರುವ ದಿನ ಅಲ್ಲ. ಆಪರೇಷನ್ನಿನ ಅರ್ಧ ಕೆಲಸ ಇನ್ನೂ ಬಾಕಿ ಇದೆ. ಪೈಪು ತೆಗೆದ ಮೇಲೆಯೇ ಅದು ಮುಗಿದ ಹಾಗೆ.

ರಮೇಶ್_ಕೆಆರ್‌ಪುರ
ಓ, ಇದು ಗೊತ್ತಿರಲಿಲ್ಲ ಮೇಡಂ. ಥ್ಯಾಂಕ್ಸ್. ಎರಡನ್ನೂ ಸ್ಟೆಂಟ್ ಅಂತಲೇ ಕರೆದರೆ ಜನ ಏನು ಮಾಡಬೇಕು?

ಎಡದಂಡೆ_ಹುಡುಗ
ಅಕ್ಕ, ಹಾಗಾದರೆ ಕಟಾವು ಮುಗಿಸಿ ಹೋದರೆ? ಎರಡು ವಾರ ತಡವಾದರೆ ಏನಾಗುತ್ತದೆ?

ಓಟಿ_ಸಿಸ್ಟರ್_ಧಾರವಾಡ
ಎರಡು ವಾರಕ್ಕೆ ಪ್ರಳಯ ಆಗುವುದಿಲ್ಲ. ಆದರೆ ಫೋನ್ ಮಾಡಿ ಬೇರೆ ತಾರೀಖು ಬರೆಸಿಕೊಂಡು ಮುಂದೂಡು. ಹೇಳದೆ ಬಿಟ್ಟರೆ ಅದು ಹಾಗೇ ಉಳಿದುಬಿಡುತ್ತದೆ. ಜಾಸ್ತಿ ದಿನ ಇಟ್ಟರೆ ಪೈಪಿನ ಮೇಲೆ ಉಪ್ಪು ಕಟ್ಟಲು ಶುರುವಾಗುತ್ತದೆ, ಬೋರ್‌ವೆಲ್ ನೀರಿಗೆ ಗೀಸರ್ ಕಾಯಿಲ್ ಬೆಳ್ಳಗೆ ಕಟ್ಟಿಕೊಳ್ಳುತ್ತದಲ್ಲ, ಹಾಗೆ. ಸಾಮಾನ್ಯವಾಗಿ ಮೂರು ತಿಂಗಳು ದಾಟಲು ಬಿಡುವುದಿಲ್ಲ. ಕಲ್ಲು ಆಗುವ ಮೈಯಿಗೆ ಇನ್ನೂ ಬೇಗ ಕಟ್ಟುತ್ತದೆ.

ಸವಿತಾ_ಹೊಸಪೇಟೆ
ನಮ್ಮ ಚಿಕ್ಕಪ್ಪನ ಕಥೆ ಕೇಳಿ. ಆಪರೇಷನ್ ಸಮಯದಲ್ಲಿ ಜೊತೆಗಿದ್ದವನು ಅವರ ಅಳಿಯ, ಅವನ ನಂಬರ್ ಕೊಟ್ಟಿದ್ದರು. ಆಮೇಲೆ ಅವನು ದುಬೈಗೆ ಹೋದ, ಸಿಮ್ ಬದಲಾಯಿತು. ಆಸ್ಪತ್ರೆಯ ಮೆಸೇಜು ಯಾರಿಗೂ ಸಿಗಲಿಲ್ಲ. ಚಿಕ್ಕಪ್ಪ ಆರಾಮಿದ್ದೇನೆ ಅಂತ ಸುಮ್ಮನಿದ್ದರು. ಆಗಾಗ ಉರಿಮೂತ್ರ ಬಂದರೆ ಊರ ಮೆಡಿಕಲ್ ಶಾಪಿನ ಮಾತ್ರೆ ತಿನ್ನುತ್ತಿದ್ದರು. ಎರಡು ವರ್ಷ ಆದ ಮೇಲೆ ಬೇರೆ ಯಾವುದಕ್ಕೋ ಎಕ್ಸ್‌ರೇ ತೆಗೆದಾಗ ಪೈಪು ಕಾಣಿಸಿತು. ಮೇಲಿನ ತುದಿಗೂ ಕೆಳಗಿನ ತುದಿಗೂ ಕಲ್ಲು ಬೆಳೆದಿತ್ತು. ಅಷ್ಟು ಹೊತ್ತಿಗೆ ಎಳೆದರೆ ಬರುವ ಹಾಗಿರಲಿಲ್ಲ. ಮೂತ್ರಕೋಶದ ಕಲ್ಲು ಮೊದಲು ಒಡೆದರು, ಆಮೇಲೆ ಬೆನ್ನಿನ ಕಡೆಯಿಂದ ತೂತು ಮಾಡಿ ಕಿಡ್ನಿಯದು. ಮೊದಲ ಆಪರೇಷನ್ನಿಗಿಂತ ಖರ್ಚು ಎಷ್ಟೋ ಪಟ್ಟು ಹೆಚ್ಚಾಯಿತು.

ಮಲ್ನಾಡ್_ಮಾವ
ಅಳಿಯನ ನಂಬರ್ ಕೊಟ್ಟಿದ್ದೇ ತಪ್ಪು. 😄

ಸವಿತಾ_ಹೊಸಪೇಟೆ
ನಗಬೇಡಿ ಮಾವ, ಎಲ್ಲರ ಮನೆಯಲ್ಲೂ ಇದೇ ನಡೆಯುವುದು. ಅಡ್ಮಿಷನ್ ಕೌಂಟರಿನಲ್ಲಿ ಯಾರ ಕೈಯಲ್ಲಿ ಫೋನ್ ಇರುತ್ತದೋ ಅವರ ನಂಬರ್ ಬರೆಸುತ್ತಾರೆ.

ಎಡದಂಡೆ_ಹುಡುಗ
ಓದಿ ಹೆದರಿಕೆ ಆಯಿತು. ಸರಿ, ಹೋಗುತ್ತೇವೆ. ಆದರೆ ಈ ಕೆಂಪು ಮೂತ್ರದ ವಿಷಯ?

ಬಳ್ಳಾರಿ_ಬಿಸಿಲು
ಮೆಸೇಜಿನಲ್ಲಿ ರಕ್ತ ಕಂಡರೆ ಬನ್ನಿ ಅಂತ ಸ್ಪಷ್ಟವಾಗಿ ಇದೆಯಲ್ಲ. ಇನ್ನೇನು ಪ್ರಶ್ನೆ? ಇವತ್ತೇ ಹೋಗಿ. ಇಲ್ಲಿ ಕೇಳುತ್ತಾ ಕೂರಬೇಡಿ.

ಓಟಿ_ಸಿಸ್ಟರ್_ಧಾರವಾಡ
ಮೆಸೇಜು ಚಿಕ್ಕದಾಗಿ ಬರೆದಿರುತ್ತಾರೆ, ಅದರಿಂದಲೇ ಈ ಗೊಂದಲ. ಪೈಪು ಒಳಗೆ ಇರುವಷ್ಟು ದಿನ ಮೂತ್ರಕೋಶದ ಗೋಡೆಗೆ ಅದರ ತುದಿ ತಾಗುತ್ತಿರುತ್ತದೆ. ಜಾಸ್ತಿ ನಡೆದ ದಿನ, ಗಾಡಿಯಲ್ಲಿ ಕುಲುಕಿದ ದಿನ, ಭಾರ ಎತ್ತಿದ ದಿನ ಮೂತ್ರ ತೆಳು ಗುಲಾಬಿ ಬಣ್ಣಕ್ಕೆ ತಿರುಗಬಹುದು. ಕೂತು ವಿಶ್ರಾಂತಿ ತಗೊಂಡು ನೀರು ಕುಡಿದರೆ ಮತ್ತೆ ತಿಳಿಯಾಗುತ್ತದೆ. ಅಪ್ಪನಿಗೆ ಗದ್ದೆಗೆ ಹೋದ ದಿನ ಮಾತ್ರ ಬರುತ್ತದೆ ಅಂದರೆ ಇದೇ ಇರಬೇಕು. ಅದಕ್ಕೆ ರಾತ್ರೋರಾತ್ರಿ ಓಡುವುದು ಬೇಡ. ಓಪಿಡಿ ನಂಬರಿಗೆ ಫೋನ್ ಮಾಡಿ ಹೇಳಿ, ಅಷ್ಟು ಸಾಕು.

ಓಡಬೇಕಾದ ರಕ್ತ ಬೇರೆ ಥರ ಇರುತ್ತದೆ. ಟೊಮೆಟೊ ಸಾರಿನ ಹಾಗೆ ದಟ್ಟವಾಗಿ ಬರುತ್ತದೆ, ಗೆಡ್ಡೆ ಗೆಡ್ಡೆ ಬೀಳುತ್ತದೆ, ಎಷ್ಟು ನೀರು ಕುಡಿದರೂ ತಿಳಿಯಾಗುವುದಿಲ್ಲ. ಗೆಡ್ಡೆ ಅಡ್ಡ ಕೂತರೆ ಮೂತ್ರವೇ ನಿಂತುಬಿಡಬಹುದು. ಹೊಟ್ಟೆಯ ಕೆಳಗೆ ಬಿಗಿ, ಒತ್ತಡ ಇದೆ, ಮೂತ್ರ ಮಾತ್ರ ಬರುತ್ತಿಲ್ಲ ಅಂದರೆ ತಾರೀಖು ನೋಡಬೇಡಿ.

ಸೊಂಟದ ನೋವಿಗೂ ಕಾರಣ ಇದೆ. ಮೂತ್ರ ಮಾಡಲು ಒತ್ತಡ ಬಿದ್ದಾಗ ಆ ಪೈಪಿನೊಳಗೆ ಸ್ವಲ್ಪ ಮೂತ್ರ ಮೇಲಕ್ಕೆ, ಕಿಡ್ನಿಗೆ ಹೋಗುತ್ತದೆ. ಆಗ ಹಿಡಿದ ಹಾಗಾಗುತ್ತದೆ. ತಿಣುಕಬೇಡಿ, ಜಾಸ್ತಿ ಹೊತ್ತು ತಡೆದಿಟ್ಟುಕೊಳ್ಳಬೇಡಿ ಅಂತ ಅಪ್ಪನಿಗೆ ಹೇಳು. ಸಮ್ಮರಿಯಲ್ಲಿ ಟ್ಯಾಮ್ಸುಲೋಸಿನ್ ಮಾತ್ರೆ ಇದ್ದರೆ ಅದು ಇದಕ್ಕೇ, ನಿಲ್ಲಿಸಿರಬಾರದು. ಅದನ್ನು ತಗೊಂಡು ಗಕ್ಕನೆ ಎದ್ದರೆ ತಲೆ ತಿರುಗುತ್ತದೆ, ನಿಧಾನಕ್ಕೆ ಏಳಬೇಕು.

ಎಡದಂಡೆ_ಹುಡುಗ
ನಿಲ್ಲಿಸಿದ್ದಾರೆ ಅಕ್ಕ. "ಕಲ್ಲು ಹೋಯ್ತಲ್ಲ" ಅಂತ. ಇವತ್ತೇ ಫೋನ್ ಮಾಡಿ ಕೇಳಿ ಮತ್ತೆ ಶುರು ಮಾಡಿಸುತ್ತೇನೆ.

ಬಳ್ಳಾರಿ_ಬಿಸಿಲು
ಮೇಡಂ, ನೀವು ನೋಡದೆ ಇಲ್ಲಿಂದಲೇ ಏನೂ ಆಗಲ್ಲ ಅನ್ನುವುದು ಸರಿಯಲ್ಲ. ನಾಳೆ ಏನಾದರೂ ಆದರೆ?

ಓಟಿ_ಸಿಸ್ಟರ್_ಧಾರವಾಡ
ಏನೂ ಆಗಲ್ಲ ಅಂತ ನಾನು ಎಲ್ಲಿ ಬರೆದೆ? ಫೋನ್ ಮಾಡಿ ಅಂದೆ. ನನಗೆ ರಕ್ತಕ್ಕಿಂತ ಜಾಸ್ತಿ ಭಯ ಇರುವುದು ಚಳಿ ಜ್ವರದ ಬಗ್ಗೆ. ಆ ಪ್ರಶ್ನೆಯನ್ನು ಇಲ್ಲಿ ಯಾರೂ ಕೇಳಲೇ ಇಲ್ಲ.

ಗೌಡ್ರ_ಮನೆ_ಸೊಸೆ
ಜ್ವರ ಬಂದರೆ ಡೋಲೋ ಕೊಟ್ಟು ಎರಡು ದಿನ ನೋಡಬಹುದಲ್ವಾ? ಈಗ ಎಲ್ಲ ಕಡೆ ವೈರಲ್ ಇದೆ. ನಮ್ಮ ಮಾವನವರಿಗೂ ಇದೇ ಪೈಪು ಇತ್ತು, ಜ್ವರ ಬಂತು, ಒಂದೇ ಡೋಲೋಗೆ ಇಳಿಯಿತು.

ಓಟಿ_ಸಿಸ್ಟರ್_ಧಾರವಾಡ
ನಿಮ್ಮ ಮಾವನವರ ಪುಣ್ಯ ಅಷ್ಟೇ. ಪೈಪು ಇರುವವರಿಗೆ ನಡುಕ ಬಂದು ಜ್ವರ ಏರಿದರೆ ಮೊದಲು ಕಿಡ್ನಿಯ ಕಡೆ ನೋಡಬೇಕು, ವೈರಲ್ ಆಮೇಲೆ. ಪೈಪು ಕಟ್ಟಿಕೊಂಡು ಅದರ ಹಿಂದೆ ಸೋಂಕಿನ ಮೂತ್ರ ನಿಂತರೆ ಕಿಡ್ನಿ ಒಳಗೇ ಕೀವಾಗುತ್ತದೆ. ಅಲ್ಲಿಂದ ರಕ್ತಕ್ಕೆ ಸೇರಲು ಕೆಲವು ಗಂಟೆ ಸಾಕು. ಅಂಥ ಹೊತ್ತಿನಲ್ಲಿ ಮಾತ್ರೆಯಿಂದ ಕೆಲಸ ಆಗುವುದಿಲ್ಲ. ಇಂಜೆಕ್ಷನ್ ಬೇಕು, ಕೆಲವೊಮ್ಮೆ ಕಟ್ಟಿರುವುದನ್ನು ಬಿಡಿಸಲೂಬೇಕು.

ಇನ್ನೊಂದು ವಿಷಯ. ಡಿಸ್ಚಾರ್ಜ್ ಆದಾಗ ನೋವಿಗೆ ಅಂತ ಕೊಟ್ಟ ಮಾತ್ರೆಯಲ್ಲೇ ಎಷ್ಟೋ ಸಲ ಪ್ಯಾರಾಸಿಟಮಾಲ್ ಇರುತ್ತದೆ. ಅದನ್ನು ದಿನಕ್ಕೆ ಮೂರು ಸಲ ತಿನ್ನುತ್ತಿದ್ದರೆ ಜ್ವರ ಮೇಲೆ ಕಾಣಿಸುವುದೇ ಇಲ್ಲ. ಥರ್ಮಾಮೀಟರ್ ಇಡುವುದಾದರೆ ಮಾತ್ರೆ ನುಂಗುವ ಮೊದಲು ಇಡಿ. 100.4 ದಾಟಿದರೆ ಅಥವಾ ನಡುಕ ಬಂದರೆ ಹೊರಡಿ. ವಯಸ್ಸಾದವರಿಗೆ, ಶುಗರ್ ಇರುವವರಿಗೆ ಕೆಲವೊಮ್ಮೆ ಜ್ವರ ಅಷ್ಟು ಏರುವುದಿಲ್ಲ. ಮಂಕಾಗುತ್ತಾರೆ, ಊಟ ಬಿಡುತ್ತಾರೆ, ಏನೇನೋ ಮಾತಾಡುತ್ತಾರೆ. ಅದನ್ನೂ ಜ್ವರದಷ್ಟೇ ಗಂಭೀರ ಅಂತ ತಿಳಿಯಿರಿ.

ಎಡದಂಡೆ_ಹುಡುಗ
ಅಪ್ಪನಿಗೆ ಶುಗರ್ ಇದೆ ಅಕ್ಕ, ಮಾತ್ರೆ ತಗೋತಾರೆ. ಥರ್ಮಾಮೀಟರ್ ಇರಲಿಲ್ಲ, ಇವತ್ತು ತಂದಿದ್ದೇನೆ. ಸದ್ಯಕ್ಕೆ ಜ್ವರ ಇಲ್ಲ.

ರಾತ್ರಿ ಹೊತ್ತು ಚಳಿ ಜ್ವರ ಬಂದರೆ ಮೊದಲು ನಮ್ಮೂರ ಡಾಕ್ಟರ್ ಹತ್ತಿರ ಹೋಗಬೇಕಾ, ಅಥವಾ ಸೀದಾ ಆಪರೇಷನ್ ಮಾಡಿದ ಆಸ್ಪತ್ರೆಗಾ?

ಸವಿತಾ_ಹೊಸಪೇಟೆ
ಸೀದಾ ಅಲ್ಲಿಗೇ. ಫೈಲು ಅಲ್ಲಿದೆ.

ಓಟಿ_ಸಿಸ್ಟರ್_ಧಾರವಾಡ
ದೂರ ಇದ್ದರೆ ನಾನು ಹಾಗೆ ಹೇಳಲಾರೆ ಸವಿತಾ. ನಡುಕ ಜೋರಾಗಿದ್ದು ಬಿಪಿ ಬಿದ್ದಿದ್ದರೆ ಗಂಟೆಗಟ್ಟಲೆ ಗಾಡಿಯಲ್ಲಿ ಕೂರಿಸುವುದು ಅಪಾಯ. ಹತ್ತಿರದ ದೊಡ್ಡ ಆಸ್ಪತ್ರೆಯಲ್ಲಿ ಡ್ರಿಪ್ಪು, ಮೊದಲ ಇಂಜೆಕ್ಷನ್ ಹಾಕಿಸಿ ಅಲ್ಲಿಂದ ಕಳುಹಿಸಲಿ. ಹೋದ ಕೂಡಲೇ "ಎಡಗಡೆ ಡಿಜೆ ಸ್ಟೆಂಟ್ ಇದೆ" ಅಂತ ಹೇಳಬೇಕು. ಸಮ್ಮರಿಯ ಫೋಟೋ ಮನೆಯ ಎಲ್ಲರ ಫೋನಿನಲ್ಲೂ ಇರಲಿ.

ಎಡದಂಡೆ_ಹುಡುಗ
ಸರಿ ಅಕ್ಕ. ಈಗ ರಿಪೋರ್ಟ್ ವಿಷಯ. ಮೂರನ್ನೂ ಗುರುವಾರ ಬೆಳಿಗ್ಗೆ ಅಲ್ಲೇ ಮಾಡಿಸಿದರೆ ಆಗುವುದಿಲ್ವಾ?

ಲ್ಯಾಬ್_ಬಸವ
ನಾನು ಲ್ಯಾಬ್ ಟೆಕ್ನೀಷಿಯನ್, ಇದಕ್ಕೆ ನಾನು ಹೇಳುತ್ತೇನೆ. ಎಕ್ಸ್‌ರೇ ಮತ್ತು ಕಿಡ್ನಿ ಕೆಲಸ ನೋಡುವ ಕ್ರಿಯಾಟಿನಿನ್ ರಕ್ತ ಪರೀಕ್ಷೆ ಅದೇ ದಿನ ಆಗುತ್ತದೆ. ಕಲ್ಚರ್ ಮಾತ್ರ ಆಗುವುದಿಲ್ಲ ಅಣ್ಣಾ. ಮೂತ್ರವನ್ನು ತಟ್ಟೆಯಲ್ಲಿ ಹಾಕಿ ಬ್ಯಾಕ್ಟೀರಿಯಾ ಬೆಳೆಯುವವರೆಗೆ ಕಾಯಬೇಕು. ಬೆಳೆದರೆ ಯಾವ ಔಷಧಿಗೆ ಸಾಯುತ್ತದೆ ಅಂತ ಮತ್ತೆ ಪರೀಕ್ಷೆ. ಎರಡರಿಂದ ಮೂರು ದಿನ ಬೇಕು. ಜನ ಗುರುವಾರ ಬೆಳಿಗ್ಗೆ ಡಬ್ಬಿ ಹಿಡಿದುಕೊಂಡು ಬರುತ್ತಾರೆ, ಡಾಕ್ಟರ್ "ರಿಪೋರ್ಟ್ ಎಲ್ಲಿ" ಅನ್ನುತ್ತಾರೆ, ವಾಪಸ್ ಹೋಗುತ್ತಾರೆ. ಬಸ್ ಚಾರ್ಜು, ಕೂಲಿ ಎಲ್ಲ ದಂಡ.

ನೀವು ಸೋಮವಾರ ಬೆಳಿಗ್ಗೆಯೇ ಸಿಂಧನೂರಿನಲ್ಲಿ ಕೊಟ್ಟುಬಿಡಿ. ಲ್ಯಾಬಿನವರು ಬೇರೆ ಊರಿಗೆ ಕಳುಹಿಸುತ್ತಾರಾ ಅಂತ ಕೇಳಿ. ಕಳುಹಿಸುವುದಾದರೆ ಶನಿವಾರವೇ ಕೊಡಿ. ಲ್ಯಾಬಿನವರು ಕೊಡುವ ಸ್ಟೆರೈಲ್ ಡಬ್ಬಿಯೇ ಆಗಬೇಕು, ಮನೆಯ ಬಾಟಲಿ ಬೇಡ. ಮೊದಲು ಸ್ವಲ್ಪ ಬಿಟ್ಟು ನಡುವಿನದನ್ನು ಹಿಡಿಯಬೇಕು. ಎರಡು ಗಂಟೆಯೊಳಗೆ ಲ್ಯಾಬಿಗೆ ಮುಟ್ಟಿಸಿ. ಬಿಸಿಲಲ್ಲಿ ಬೈಕಿನ ಡಿಕ್ಕಿಯಲ್ಲಿ ಇಟ್ಟುಕೊಂಡು ತಿರುಗಿದರೆ ಇಲ್ಲದ ಬ್ಯಾಕ್ಟೀರಿಯಾ ಎಲ್ಲ ಬೆಳೆದು ಕೂತಿರುತ್ತದೆ. ಸ್ಯಾಂಪಲ್ ಕೊಡುವ ಮೊದಲು ಆಂಟಿಬಯೋಟಿಕ್ ತಿನ್ನಬೇಡಿ, ತಿಂದಿದ್ದರೆ ಚೀಟಿಯಲ್ಲಿ ಬರೆಸಿ.

ಮಲ್ನಾಡ್_ಮಾವ
ಎಕ್ಸ್‌ರೇ ಯಾಕೆ? ಕಲ್ಲು ಒಡೆದಾಯಿತಲ್ಲ. ದುಡ್ಡು ಕೀಳುವ ದಾರಿ.

ಓಟಿ_ಸಿಸ್ಟರ್_ಧಾರವಾಡ
ಚೂರು ಉಳಿದಿದೆಯಾ, ಪೈಪು ಜಾಗದಲ್ಲೇ ಇದೆಯಾ, ಎರಡನ್ನೂ ನೋಡಲು. ದೊಡ್ಡ ಚೂರು ಉಳಿದಿರುವಾಗ ಪೈಪು ತೆಗೆದರೆ ಆ ಚೂರು ಇಳಿದು ಮತ್ತೆ ಅದೇ ಜಾಗದಲ್ಲಿ ಸಿಕ್ಕಿಕೊಳ್ಳಬಹುದು. ಹಳೇ ಸಿಟಿ ಸ್ಕ್ಯಾನ್ ಪ್ಲೇಟೂ ತಗೊಂಡು ಹೋಗಿ, ಅದನ್ನು ಪಕ್ಕದಲ್ಲಿ ಇಟ್ಟುಕೊಂಡು ನೋಡುತ್ತಾರೆ. ಯೂರಿಕ್ ಆಸಿಡ್ ಕಲ್ಲಾಗಿದ್ದರೆ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ, ಆಗ ಸ್ಕ್ಯಾನ್ ಬರೆಯುತ್ತಾರೆ.

ಗೌಡ್ರ_ಮನೆ_ಸೊಸೆ
ನಮ್ಮ ಮಾವನವರು ಕಲ್ಲಿನ ಚೂರನ್ನು ಡಬ್ಬಿಯಲ್ಲಿ ಹಾಕಿ ಶೋಕೇಸಿನಲ್ಲಿ ಇಟ್ಟಿದ್ದಾರೆ. ಬಂದವರಿಗೆಲ್ಲ ತೋರಿಸುತ್ತಾರೆ.

ಲ್ಯಾಬ್_ಬಸವ
😂 ಅಕ್ಕ, ಅದನ್ನು ಲ್ಯಾಬಿಗೆ ಕೊಡಿ. ಯಾವ ಥರದ ಕಲ್ಲು ಅಂತ ಗೊತ್ತಾದರೆ ಏನು ತಿನ್ನಬೇಕು, ಏನು ಬಿಡಬೇಕು ಹೇಳಬಹುದು. ಅದಿಲ್ಲದೆ ಎಲ್ಲರಿಗೂ ಟೊಮೆಟೊ ಬಿಡಿ, ಪಾಲಕ್ ಬಿಡಿ, ಹಾಲು ಬಿಡಿ ಅನ್ನುವುದು.

ಮಲ್ನಾಡ್_ಮಾವ
ಹಾಲು ಬಿಡಲೇಬೇಕು. ಕ್ಯಾಲ್ಸಿಯಂ ಅಲ್ವಾ ಕಲ್ಲು?

ಲ್ಯಾಬ್_ಬಸವ
ಊಟದ ಕ್ಯಾಲ್ಸಿಯಂ ಕಮ್ಮಿ ಮಾಡಿದರೆ ಹೊಟ್ಟೆಯಲ್ಲಿ ಆಕ್ಸಲೇಟ್‌ನ್ನು ಹಿಡಿಯುವವರು ಯಾರೂ ಇರುವುದಿಲ್ಲ, ಅದು ಮೂತ್ರಕ್ಕೆ ಜಾಸ್ತಿ ಹೋಗುತ್ತದೆ. ಹಾಲು ಮೊಸರು ಹದವಾಗಿ ತಗೊಳ್ಳಿ. ಉಪ್ಪು, ಉಪ್ಪಿನಕಾಯಿ ಕಮ್ಮಿ ಮಾಡಿ.

ರಮೇಶ್_ಕೆಆರ್‌ಪುರ
ಬಾಳೆದಿಂಡು ವರ್ಸಸ್ ಲೇಸರ್ ಅಂತ ಬೇರೆ ಥ್ರೆಡ್ ಶುರು ಮಾಡಿ ಪ್ಲೀಸ್. ನನಗೊಂದು ಡೌಟು. ತಂದೆಯ ಹಾಗೆ ಹಾರ್ಟಿಗೆ ಬ್ಲಡ್ ಥಿನ್ನರ್ ತಿನ್ನುವವರಿಗೆ ಈ ಕಿಡ್ನಿ ಪೈಪು ಹಾಕಿದ್ದರೆ, ತೆಗೆಯುವ ಮೊದಲು ಮಾತ್ರೆ ನಿಲ್ಲಿಸಬೇಕಾ?

ಓಟಿ_ಸಿಸ್ಟರ್_ಧಾರವಾಡ
ನೀವಾಗಿಯೇ ನಿಲ್ಲಿಸಲೇಬೇಡಿ. ಫೋನ್ ಮಾಡುವಾಗಲೇ ಮಾತ್ರೆ ಹೆಸರು ಹೇಳಿ, ಯೂರಾಲಜಿಯವರು ಮತ್ತು ಹಾರ್ಟಿನ ಡಾಕ್ಟರ್ ತೀರ್ಮಾನ ಮಾಡುತ್ತಾರೆ.

ಎಡದಂಡೆ_ಹುಡುಗ
ಅಪ್ಪ ಇನ್ನೊಂದು ಕೇಳುತ್ತಿದ್ದಾರೆ. ತೆಗೆಯುವಾಗ ಮತ್ತೆ ಬೆನ್ನಿಗೆ ಇಂಜೆಕ್ಷನ್ ಕೊಡುತ್ತಾರಾ? ನಿಜ ಹೇಳಬೇಕೆಂದರೆ ಅದಕ್ಕೇ ಹೆದರಿ ಬೇಡ ಅನ್ನುತ್ತಿದ್ದರು. ಕಟಾವು ನೆಪ.

ಸವಿತಾ_ಹೊಸಪೇಟೆ
ನನಗೂ ಹಾಕಿ ತೆಗೆದಿದ್ದಾರೆ, ಹೋದ ವರ್ಷ. ಬೆನ್ನಿಗೆ ಇಂಜೆಕ್ಷನ್ ಇಲ್ಲ. ಮರಗಟ್ಟುವ ಜೆಲ್ ಹಾಕಿ, ಸಣ್ಣ ದುರ್ಬೀನು ಬಿಟ್ಟು, ಇಕ್ಕಳದಲ್ಲಿ ಹಿಡಿದು ಎಳೆಯುತ್ತಾರೆ. ಕೆಲವೇ ನಿಮಿಷ. ಹಿತ ಅಂತ ಸುಳ್ಳು ಹೇಳಲಾರೆ, ಉರಿ ಆಗುತ್ತದೆ. ಗಂಡಸರಿಗೆ ದಾರಿ ಉದ್ದ, ಸ್ವಲ್ಪ ಜಾಸ್ತಿ ಆಗುತ್ತದಂತೆ. ಅದೇ ದಿನ ಮನೆಗೆ ಬಂದೆ. ಆದರೆ ರಾತ್ರಿ ಸೊಂಟ ಜೋರಾಗಿ ಹಿಡಿಯಿತು, ಅದನ್ನು ಯಾರೂ ಮೊದಲೇ ಹೇಳಿರಲಿಲ್ಲ.

ಓಟಿ_ಸಿಸ್ಟರ್_ಧಾರವಾಡ
ಹೌದು, ಪೈಪು ಹೋದ ಮೇಲೆ ಮೂತ್ರನಾಳ ಒಂದು ದಿನ ಸೆಳೆಯುತ್ತದೆ. ತೆಗೆಸಿಕೊಂಡು ಬರುವಾಗಲೇ ನೋವಿಗೆ ಏನು ತಗೋಬೇಕು ಅಂತ ಬರೆಸಿಕೊಳ್ಳಿ. ಕ್ರಿಯಾಟಿನಿನ್ ಜಾಸ್ತಿ ಇದ್ದವರು ಮೆಡಿಕಲ್ ಶಾಪಿನಲ್ಲಿ ಕೈಗೆ ಸಿಕ್ಕ ನೋವಿನ ಮಾತ್ರೆ ತಿನ್ನಬಾರದು.

ಎಡದಂಡೆ_ಹುಡುಗ
ಅಪ್ಡೇಟ್. ಸೋಮವಾರ ಕಲ್ಚರ್ ಕೊಟ್ಟೆವು, ಬುಧವಾರ ಎಕ್ಸ್‌ರೇ, ಗುರುವಾರ ಹೋದೆವು. ಎಕ್ಸ್‌ರೇಯಲ್ಲಿ ಕಲ್ಲು ಕಾಣಲಿಲ್ಲ, ಪೈಪು ಜಾಗದಲ್ಲೇ ಇದೆ. ಕ್ರಿಯಾಟಿನಿನ್ 1.1. ಆದರೆ ಕಲ್ಚರಿನಲ್ಲಿ ಇ ಕೋಲೈ ಅನ್ನುವ ಬ್ಯಾಕ್ಟೀರಿಯಾ ಬೆಳೆದಿದೆ. ಡಾಕ್ಟರ್ ಅವತ್ತು ತೆಗೆಯಲಿಲ್ಲ. ಐದು ದಿನದ ಮಾತ್ರೆ ಬರೆದು ಮುಂದಿನ ಬುಧವಾರ ಬನ್ನಿ ಅಂದರು. ಅಪ್ಪನಿಗೆ ಸಿಟ್ಟು ಬಂದಿದೆ, "ಜ್ವರಾನೇ ಇಲ್ಲ, ಇದೆಂಥ ಸೋಂಕು" ಅಂತ.

ಬಳ್ಳಾರಿ_ಬಿಸಿಲು
ನಮ್ಮ ಕಡೆ ಒಬ್ಬರಿಗೆ ಹೀಗೇ ಇದ್ದಾಗ ಒಂದು ಇಂಜೆಕ್ಷನ್ ಕೊಟ್ಟು ಅವತ್ತೇ ತೆಗೆದರು. ನಿಮ್ಮವರು ಯಾಕೆ ಎರಡೆರಡು ಸಲ ಅಲೆದಾಡಿಸುತ್ತಾರೋ.

ಲ್ಯಾಬ್_ಬಸವ
ಪೈಪು ಇದ್ದವರಲ್ಲಿ ತೊಂದರೆ ಏನೂ ಇಲ್ಲದೆಯೂ ಕಲ್ಚರ್ ಪಾಸಿಟಿವ್ ಬರುತ್ತದೆ, ಬ್ಯಾಕ್ಟೀರಿಯಾ ಪೈಪಿಗೇ ಅಂಟಿಕೊಂಡಿರುತ್ತದೆ. ನಮ್ಮಲ್ಲಿ ದಿನಾ ನೋಡುತ್ತೇವೆ.

ಓಟಿ_ಸಿಸ್ಟರ್_ಧಾರವಾಡ
ಇದರಲ್ಲಿ ಡಾಕ್ಟರ್‌ಗಳೇ ಬೇರೆ ಬೇರೆ ಥರ ಮಾಡುತ್ತಾರೆ. ಕೆಲವರು ಒಂದು ಡೋಸ್ ಕೊಟ್ಟು ತೆಗೆಯುತ್ತಾರೆ, ಕೆಲವರು ಮಾತ್ರೆ ಶುರು ಮಾಡಿ ಆಮೇಲೆ. ಶುಗರ್ ಇರುವವರಲ್ಲಿ ನಮ್ಮ ಸರ್ ಕೂಡ ಕಾಯುತ್ತಿದ್ದರು. ಮಾತ್ರೆ ನಡುವೆ ನಿಲ್ಲಿಸದಿದ್ದರೆ ಸಾಕು. ಅಪ್ಪ ಟ್ಯಾಮ್ಸುಲೋಸಿನ್ ನಿಲ್ಲಿಸಿದ್ದು ನೆನಪಿದೆಯಲ್ಲ?

ಎಡದಂಡೆ_ಹುಡುಗ
ಈ ಸಲ ಅಮ್ಮನ ಕೈಗೆ ಮಾತ್ರೆ ಕೊಟ್ಟಿದ್ದೇನೆ. ಕೌಂಟರಿನಲ್ಲಿ ನಂಬರನ್ನೂ ಬದಲಾಯಿಸಿದೆ, ಈಗ ಅಮ್ಮನದು ಮತ್ತು ನನ್ನದು ಎರಡೂ ಇದೆ. ಮೆಸೇಜಿನಲ್ಲಿ "ಸ್ಟೆಂಟ್ ತೆಗೆಯಲು" ಅಂತ ಹಾಕಿ ಅಂದರೆ ಅಲ್ಲಿದ್ದ ಹುಡುಗಿ ಕಂಪ್ಯೂಟರಿನಲ್ಲಿ ಅಂಥ ಆಪ್ಷನ್ ಇಲ್ಲ ಅಂದಳು.

ಕುಂದಾಪ್ರ_ಬೆಂಗ್ಳೂರು
ಎಲ್ಲ ಓದಿದೆ. ನನ್ನ ಹೆಂಡತಿಗೆ ಹೋದ ವಾರ ಇದೇ ಪೈಪು ಹಾಕಿದ್ದಾರೆ, ಏಳು ತಿಂಗಳ ಗರ್ಭಿಣಿ. ಮೆಸೇಜಿನಲ್ಲಿ ಆರು ವಾರಕ್ಕೆ ಬನ್ನಿ ಅಂತಿದೆ, ಬಾಯಲ್ಲಿ ಹೆರಿಗೆ ಆದ ಮೇಲೆ ತೆಗೆಯೋಣ ಅಂದಿದ್ದರು. ಯಾವುದು ಸರಿ?

ಓಟಿ_ಸಿಸ್ಟರ್_ಧಾರವಾಡ
ಎರಡೂ ಸರಿ ಇರಬಹುದು ತಮ್ಮಾ. ಗರ್ಭಿಣಿಯರಿಗೆ ಪೈಪಿನ ಮೇಲೆ ಉಪ್ಪು ಬೇಗ ಕಟ್ಟುತ್ತದೆ, ಅದಕ್ಕೆ ಹೆರಿಗೆಯವರೆಗೆ ಇಡುವುದಾದರೂ ನಡುವೆ ಬದಲಾಯಿಸುವುದು ಉಂಟು. ಆ ಆರು ವಾರ ಬದಲಾಯಿಸಲಿಕ್ಕಾ, ಬರೀ ನೋಡಲಿಕ್ಕಾ ಅಂತ ನಾಳೆಯೇ ಫೋನ್ ಮಾಡಿ ಕೇಳಿ. ಅವರಿಗೆ ಎಕ್ಸ್‌ರೇ ಅಂತ ಮೆಸೇಜಿನಲ್ಲಿ ತಾನಾಗಿಯೇ ಬಂದಿದ್ದರೆ ತೆಗೆಸುವ ಮೊದಲು ಅದನ್ನೂ ಕೇಳಿ.